ಬೀರುವಿನೊಳಗಿನ ಸೋಪಿನ ಡಬ್ಬಿ

ಮಂಡ್ಯದ ಒಂದು ಮನೆಯ ಹಜಾರದಲ್ಲಿ ಚಾಪೆಯ ಮೇಲೆ ಮೂರು ಸೋಪುಗಳನ್ನಿಟ್ಟು, ಅರವತ್ತು ದಾಟಿದ ಗೃಹಿಣಿಯೊಬ್ಬರನ್ನು ಕೇಳಿದೆ: "ಅಮ್ಮ, ಇವುಗಳಲ್ಲಿ ಯಾವುದಾದರೂ ಎರಡು ಒಂದೇ ಥರ, ಇನ್ನೊಂದು ಬೇರೆ ಎಂದರೆ ಯಾವುದನ್ನು ಬೇರೆ ಇಡುತ್ತೀರಿ?" ಅವರು ತಡಮಾಡದೆ ಮೈಸೂರು ಸ್ಯಾಂಡಲ್ ಸೋಪನ್ನು ಪಕ್ಕಕ್ಕೆ ಸರಿಸಿದರು. "ಇದರ ವಾಸನೆ ನಿಲ್ಲುತ್ತದೆ."

ಮೂರನ್ನು ಮುಂದಿಟ್ಟು ಒಂದನ್ನು ಬೇರ್ಪಡಿಸಲು ಹೇಳುವ ಈ ಉಪಾಯ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಕೆಲಿಯವರದು. ಜನ ತಮ್ಮ ಲೋಕವನ್ನು ಯಾವ ಅಳತೆಗೋಲುಗಳಿಂದ ಅಳೆಯುತ್ತಾರೆಂದು ತಿಳಿಯಲು 1950ರ ದಶಕದಲ್ಲಿ ಅವರು ಇದನ್ನು ಬಳಸಿದರು. ಸಿಕ್ಕ ಉತ್ತರವನ್ನು ಹಿಡಿದು ಮೇಲೇರುವ ಕ್ರಮ ಆಮೇಲೆ ಬಂತು. 1980ರ ದಶಕದಲ್ಲಿ ಥಾಮಸ್ ರೆನಾಲ್ಡ್ಸ್ ಮತ್ತು ಜೊನಾಥನ್ ಗುಟ್ಮನ್ ಅದನ್ನು ಮಾರುಕಟ್ಟೆ ಸಂಶೋಧನೆಗೆ ಒಗ್ಗಿಸಿದರು. ಹೆಸರು ಲ್ಯಾಡರಿಂಗ್, ಅಂದರೆ ಏಣಿ ಹತ್ತುವುದು. ಕೆಳಗಿನ ಮೆಟ್ಟಿಲು ವಸ್ತುವಿನ ಗುಣ, ನಡುವಿನದು ಅದರಿಂದ ಬಳಸುವವರಿಗೆ ಆಗುವ ಫಲ, ಮೇಲಿನದು ಅವರು ಬದುಕಿನಲ್ಲಿ ಬಯಸುವ ಮೌಲ್ಯ.

ಪುಸ್ತಕದ ಪ್ರಕಾರ ಪ್ರತಿ ಮೆಟ್ಟಿಲಲ್ಲೂ "ನಿಮಗೆ ಅದು ಏಕೆ ಮುಖ್ಯ?" ಎಂದು ಕೇಳಬೇಕು. ನಮ್ಮ ಕಡೆ ಹಿರಿಯರಿಗೆ ಎರಡು ಸಲ "ಏಕೆ" ಎಂದರೆ ಮೂರನೆಯದಕ್ಕೆ ಉತ್ತರ ಬರುವುದಿಲ್ಲ, ಕಾಫಿ ಬರುತ್ತದೆ. ಅದು ಪ್ರಶ್ನೆಯಂತಲ್ಲ, ತಪ್ಪು ಹುಡುಕಿದಂತೆ ಕೇಳಿಸುತ್ತದೆ. ಹಾಗಾಗಿ ನಾನು "ವಾಸನೆ ನಿಂತರೆ ಏನು ಅನುಕೂಲ?" ಎಂದೆ.

"ಮದುವೆ ಮನೆಗೆ ಹೋದರೆ ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತದೆ."

"ಗೊತ್ತಾದರೆ?"

"ಚೆನ್ನಾಗಿರುತ್ತದಪ್ಪ, ಇನ್ನೇನು!"

ಏಣಿ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಹಿಂದೊಮ್ಮೆ ಇಂಥ ಘಳಿಗೆಯಲ್ಲಿ ನಾನು ಕೆಟ್ಟ ಕೆಲಸ ಮಾಡಿದ್ದೆ. 1916ರಲ್ಲಿ ಮೈಸೂರಿನಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆ, ನಾಲ್ವಡಿ ಕೃಷ್ಣರಾಜ ಒಡೆಯರು ಎಲ್ಲ ನನ್ನ ತಲೆಯಲ್ಲಿ ತುಂಬಿತ್ತು. "ನಮ್ಮ ಪರಂಪರೆ ಎಂಬ ಹೆಮ್ಮೆ, ಅಲ್ಲವೇ?" ಎಂದು ಕೇಳಿಬಿಟ್ಟೆ. ಎಲ್ಲರೂ ಹೌದೆಂದರು. ಧ್ವನಿಮುದ್ರಣ ಬರೆದುಕೊಳ್ಳುವಾಗ ನೋಡಿದರೆ "ಪರಂಪರೆ" ಎಂಬ ಮಾತು ಪ್ರತಿ ಸಂದರ್ಶನದಲ್ಲೂ ಮೊದಲು ನನ್ನ ಬಾಯಿಂದಲೇ ಬಂದಿತ್ತು. ಅಂಥ ಏಣಿಯನ್ನು ಹರಿದು ಎಸೆಯಬೇಕು, ಬೇರೆ ದಾರಿಯಿಲ್ಲ.

ಸಿಕ್ಕಿಕೊಂಡಾಗ ವಸ್ತುವನ್ನೇ ಇಲ್ಲವಾಗಿಸಿ ನೋಡುವುದು ಇದಕ್ಕಿಂತ ಒಳ್ಳೆಯ ಉಪಾಯ. "ಮದುವೆಗೆ ಹೊರಟ ದಿನ ಈ ಸೋಪು ಅಂಗಡಿಯಲ್ಲಿ ಸಿಗದಿದ್ದರೆ?" ಎಂದು ಕೇಳಿ ಸುಮ್ಮನೆ ಕೂತೆ. ಸುಮ್ಮನಿರುವುದೂ ವಿಧಾನದ ಭಾಗವೇ.

ಆಕೆ ಎದ್ದು ಒಳಗೆ ಹೋಗಿ ಬೀರು ತೆರೆದು, ರೇಷ್ಮೆ ಸೀರೆಗಳ ನಡುವಿನಿಂದ ಅದೇ ಸೋಪಿನ ಖಾಲಿ ರಟ್ಟಿನ ಡಬ್ಬಿಯೊಂದನ್ನು ತಂದರು. ಮೂಲೆಗಳು ಮೆತ್ತಗಾಗಿದ್ದವು. "ದಿನಕ್ಕೆ ಬೇರೆ ಸೋಪೇ ಆಗುತ್ತದೆ. ಇದು ಹೊರಡುವ ದಿನಕ್ಕೆ. ನಮ್ಮಪ್ಪ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದರು. ನಮ್ಮ ಬಟ್ಟೆಗೆಲ್ಲ ಬೆಲ್ಲದ ಹೊಗೆ. ನೆಂಟರ ಮನೆಯಲ್ಲಿ ನಮ್ಮನ್ನು ಬೇರೆ ಕೂರಿಸಿದ್ದರು. ಮುಂದಿನ ಮದುವೆಗೆ ಅಪ್ಪ ಒಂದು ಸೋಪು ತಂದರು, ಐದು ಮಕ್ಕಳೂ ಅದರಲ್ಲೇ ಮಿಂದೆವು. ಮರ್ಯಾದೆಯಪ್ಪ ಅದು."

ಗಂಧ, ನಿಲ್ಲುವ ವಾಸನೆ, ಪಕ್ಕದವರಿಗೆ ತಿಳಿಯುವುದು, ಮರ್ಯಾದೆ. ಕೊನೆಯ ಮಾತು ಅವರದೇ. ಆದರೂ ಪರೀಕ್ಷಿಸಲು ಏಣಿಯನ್ನು ಇಳಿದೆ: ಮರ್ಯಾದೆ ಉಳಿಯಲು ಬೇರೆ ಯಾವ ಸೋಪಾದರೂ ಆದೀತೇ? "ಆ ವಾಸನೆಗಳು ಬಸ್ ಇಳಿಯುವಷ್ಟರಲ್ಲಿ ಹೋಗುತ್ತವೆ" ಎಂದರು. ಇಳಿಯುವಾಗಲೂ ಅದೇ ಮೆಟ್ಟಿಲು ಸಿಕ್ಕಿತು. ಬರೀ ಸಭ್ಯತೆಗಾಗಿ ಹೇಳಿದ ಮಾತಾಗಿದ್ದರೆ ಅದು ಇಳಿಯುವಾಗ ಸಾಮಾನ್ಯವಾಗಿ ಸಿಗುವುದಿಲ್ಲ.

ಇಷ್ಟರಿಂದ ಜಾಹೀರಾತು ಬರೆಯಲು ಹೊರಟರೆ ಎಡವುತ್ತೇವೆ, ಏಕೆಂದರೆ ಇದು ಒಬ್ಬರ ಏಣಿ. ಐವತ್ತು ಅರವತ್ತು ಜನರ ಮಾತನ್ನು ಸಂಗ್ರಹಿಸಿ, ಯಾವ ಮೆಟ್ಟಿಲಿನಿಂದ ಯಾವುದಕ್ಕೆ ಎಷ್ಟು ಮಂದಿ ಹತ್ತಿದರೆಂದು ಕೋಷ್ಟಕದಲ್ಲಿ ಎಣಿಸುತ್ತಾರೆ. ಅಷ್ಟು ಜನರಲ್ಲಿ ಮೂರರಿಂದ ಐದು ಸಲವಾದರೂ ಬಾರದ ಕೊಂಡಿಯನ್ನು ಬಿಡುವುದು ರೂಢಿ. ಉಳಿದವುಗಳಿಂದ ನಕ್ಷೆ ಬರೆಯುತ್ತಾರೆ. ಎಣಿಕೆಗಿಂತ ಕಷ್ಟದ್ದು ಅದರ ಹಿಂದಿನ ಕೆಲಸ: "ಮರ್ಯಾದೆ", "ಮಾನ", "ನಾಲ್ಕು ಜನ ನೋಡುತ್ತಾರೆ" ಎಂಬವನ್ನು ಒಂದೇ ಗುಂಪಿಗೆ ಹಾಕಬೇಕೋ ಬೇಡವೋ ಎಂಬ ತೀರ್ಮಾನ. ಇಬ್ಬರು ಬೇರೆ ಬೇರೆಯಾಗಿ ಗುಂಪು ಮಾಡಿ ಹೋಲಿಸಿ ನೋಡಿದರೆ ಒಬ್ಬರ ಮನಸ್ಸಿನ ಒಲವು ಬಯಲಾಗುತ್ತದೆ.

ಅದೇ ವಾರ ಮೈಸೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಯುವತಿಯೊಬ್ಬಳೂ ಅದೇ ಸೋಪನ್ನು ಪಕ್ಕಕ್ಕಿಟ್ಟು "ವಾಸನೆ ನಿಲ್ಲುತ್ತದೆ" ಎಂದಳು. ನಿಂತರೆ ಏನೆಂದು ಕೇಳಿದೆ. "ರಾತ್ರಿ ಮಿಂದು ಮಲಗುತ್ತೇನೆ. ದೀಪ ಆರಿಸಿದ ಮೇಲೂ ಇರುತ್ತದೆ. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ." ಮದುವೆ ಮನೆಯ ಚಿತ್ರ ತೋರಿಸಿ ಸೋಪು ಮಾರಿದರೆ ಅವಳು ಟಿವಿ ಚಾನೆಲ್ ಬದಲಿಸಿಬಿಡುತ್ತಾಳೆ.