ಉತ್ತರ ಸರಿ ಇದ್ದರೂ ಅಂಕ ಏಕೆ ಕಡಿಮೆ?

ಚಿಕ್ಕಮಗಳೂರಿನಲ್ಲಿ ಆಫೀಸ್ ಕೋರ್ಸ್ ಮುಗಿಸಿದವರಲ್ಲಿ ಹಲವರು ಹೋಗಿ ಸೇರುವುದು ಕಾಫಿ ವ್ಯಾಪಾರಿಗಳ ಅಂಗಡಿಗೆ, ಕ್ಯೂರಿಂಗ್ ವರ್ಕ್ಸ್‌ಗೆ, ಇಲ್ಲವೇ ಎಸ್ಟೇಟ್ ರೈಟರ್ ಕೈಕೆಳಗಿನ ಲೆಕ್ಕಕ್ಕೆ. ಹಾಗಾಗಿ ನಮ್ಮ ಸ್ಪ್ರೆಡ್‌ಶೀಟ್ ಪ್ರಾಯೋಗಿಕ ಪರೀಕ್ಷೆಯ ಪ್ರಶ್ನೆಯೂ ಕಾಫಿ ಖರೀದಿ ಲೆಕ್ಕವೇ. ಒಂದು ಗಂಟೆ, 40 ಅಂಕ. ಪ್ರಿಂಟ್ ತೆಗೆಸಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುವ ಪದ್ಧತಿ ಇನ್ನೂ ಹಲವೆಡೆ ಇದೆ. ಅದರಿಂದ ಮಗು ಕ್ಯಾಲ್ಕುಲೇಟರ್ ಒತ್ತಿ ಬರೆದಿದೆಯೋ ಸೂತ್ರ ಹಾಕಿದೆಯೋ ತಿಳಿಯುವುದಿಲ್ಲ. ನಾನು ನೋಡುವುದು ಕಾಗದವನ್ನಲ್ಲ, ಫೈಲನ್ನು.

ಪ್ರಶ್ನೆಪತ್ರಿಕೆ ಹೀಗಿದೆ. ಫೈಲಿನಲ್ಲಿ 5ರಿಂದ 14ನೇ ಸಾಲಿನವರೆಗೆ ಹತ್ತು ಖರೀದಿಗಳು. B ಕಾಲಂನಲ್ಲಿ ಕಾಫಿಯ ಬಗೆ, C ಕಾಲಂನಲ್ಲಿ ಕಿಲೋ. H4ರಿಂದ I7ರವರೆಗೆ ದರದ ಪಟ್ಟಿ: AP, AC, RP, RC ಎಂಬ ಕ್ರಮದಲ್ಲೇ. ಅಂದರೆ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ. ಪೇಟೆಯ ರೂಢಿಯಂತೆ ದರ 50 ಕೆ.ಜಿ. ಮೂಟೆಗೆ. ಪರೀಕ್ಷೆಗಾಗಿ ಗುಂಡು ಸಂಖ್ಯೆ ಹಾಕಿರುತ್ತೇನೆ: 20,000, 12,000, 18,000, 10,000. ವಿದ್ಯಾರ್ಥಿ ಪ್ರತಿ ಸಾಲಿಗೂ ದರ ತರಬೇಕು, ಮೊತ್ತ ಕಟ್ಟಬೇಕು, ಬಗೆವಾರು ಕಿಲೋ ಕೂಡಿಸಬೇಕು. ಅದರ ಜೊತೆಗೆ ಒಂದು ಸಾಲು: ‘ತೂಕದ ಚೀಟಿಗಳ ಪ್ರಕಾರ ಒಟ್ಟು 3,640 ಕೆ.ಜಿ. ಫೈಲಿನಲ್ಲಿ ಎರಡು ತಪ್ಪುಗಳಿವೆ, ಹುಡುಕಿ ಸರಿಪಡಿಸಿ.’

ನಿರೀಕ್ಷಿಸುವ ಸೂತ್ರಗಳು ಇಷ್ಟೇ:

```
D5: =VLOOKUP(B5,$H$4:$I$7,2,FALSE)
E5: =C5/50*D5
J4: =SUMIF($B$5:$B$14,H4,$C$5:$C$14)
```

ದರ ತರುವುದಕ್ಕೆ 10 ಅಂಕ. ಅದರಲ್ಲಿ ಸೂತ್ರದ ರಚನೆಗೆ 4, ಡಾಲರ್ ಚಿಹ್ನೆಗೆ 3, ಕೊನೆಯ FALSEಗೆ 3. ಡಾಲರ್ ಬಿಟ್ಟವರನ್ನು ನಾನು ಹಿಡಿಯಬೇಕಾಗಿಲ್ಲ. ಕೆಳಕ್ಕೆ ಎಳೆದಂತೆ ಪಟ್ಟಿಯೂ ಒಂದೊಂದು ಸಾಲು ಜಾರಿ, ಕೆಳಗಿನ ಸಾಲುಗಳಲ್ಲಿ #N/A ಎದ್ದು ಕಾಣುತ್ತದೆ. FALSE ಬಿಟ್ಟವರ ಕಥೆಯೇ ಬೇರೆ. ಆಗ ಎಕ್ಸೆಲ್, ಪಟ್ಟಿ ಅಕ್ಷರಕ್ರಮದಲ್ಲಿದೆ ಎಂದು ನಂಬಿಕೊಂಡು ಹುಡುಕುತ್ತದೆ. ನಮ್ಮ ಪಟ್ಟಿ ಹಾಗಿಲ್ಲ, ಬೇಕೆಂದೇ ಹಾಗಿಟ್ಟಿಲ್ಲ. AP ಹುಡುಕಿದರೆ AC ದರ ಬಂದು ಕೂರುತ್ತದೆ, ಅದೂ ಸದ್ದಿಲ್ಲದೆ. 425 ಕೆ.ಜಿ. ಪಾರ್ಚ್‌ಮೆಂಟ್ ಅಂದರೆ ಎಂಟೂವರೆ ಮೂಟೆ, ಬರಬೇಕಾದದ್ದು 1,70,000 ರೂಪಾಯಿ. ಶೀಟ್ ತೋರಿಸುವುದು 1,02,000. ಒಂದೇ ಬಿಲ್ಲಿನಲ್ಲಿ ಬೆಳೆಗಾರನಿಗೆ 68,000 ಖೋತಾ. ಆ ಮೂರು ಅಂಕ ಹೆಚ್ಚಾಯಿತು ಎಂದು ಸಹೋದ್ಯೋಗಿಗಳು ಹೇಳುವುದುಂಟು. ನನಗಂತೂ ಕಡಿಮೆಯೇ ಅನಿಸುತ್ತದೆ.

ಇನ್ನು ನಾನೇ ನೆಟ್ಟಿರುವ ಎರಡು ತಪ್ಪುಗಳು. ಇವಕ್ಕೂ 10 ಅಂಕ.

ಮೊದಲನೆಯದು, 240 ಕೆ.ಜಿ.ಯ ಒಂದು ಸಾಲಿನಲ್ಲಿ AC ಆದಮೇಲೆ ಒಂದು ಖಾಲಿ ಜಾಗ. ಕಣ್ಣಿಗೆ ಕಾಣದು, ಆದರೆ ಆ ಸಾಲಿಗೆ ದರ ಸಿಗದೆ #N/A ಬರುತ್ತದೆ, ಒಟ್ಟು ಮೊತ್ತವೂ #N/A ಆಗುತ್ತದೆ. ಖಾಲಿ ಜಾಗ ಅಳಿಸಿದರೆ ಮುಗಿಯಿತು. ಅವಸರದವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ಆ ಕೋಶದಲ್ಲಿ ನೇರವಾಗಿ 12,000 ಎಂದು ಟೈಪ್ ಮಾಡುತ್ತಾರೆ. ಕೆಲವರು IFERROR ಹಾಕಿ ತಪ್ಪಿದ್ದಲ್ಲಿ ಸೊನ್ನೆ ಬರುವಂತೆ ಮಾಡುತ್ತಾರೆ. ಎರಡನೆಯದು ನೋಡಲು ಜಾಣತನದಂತಿದ್ದರೂ 57,600 ರೂಪಾಯಿ ಲೆಕ್ಕದಿಂದಲೇ ಮಾಯ. ದರ ಟೈಪ್ ಮಾಡಿದವರಿಗೆ ಐದರಲ್ಲಿ 2 ಕೊಡುತ್ತೇನೆ, ಸೊನ್ನೆ ತುಂಬಿದವರಿಗೆ ಏನೂ ಇಲ್ಲ.

ಎರಡನೆಯದು ಇನ್ನೂ ಗಟ್ಟಿ. RC ಸಾಲೊಂದರಲ್ಲಿ 275 ಎನ್ನುವುದು ಸಂಖ್ಯೆಯಾಗಿ ಇಲ್ಲ, ಅಕ್ಷರವಾಗಿ ಇದೆ. ಟೈಪ್ ಮಾಡುವಾಗ ಮುಂದೆ ಒಂದು ' ಹಾಕಿದರೆ ಹೀಗಾಗುತ್ತದೆ. ಮಜಾ ಏನೆಂದರೆ ಆ ಸಾಲಿನ ಮೊತ್ತ 55,000 ಸರಿಯಾಗಿಯೇ ಬರುತ್ತದೆ, ಏಕೆಂದರೆ ಭಾಗಿಸುವಾಗ ಎಕ್ಸೆಲ್ ಅದನ್ನು ಸಂಖ್ಯೆ ಎಂದೇ ತೆಗೆದುಕೊಳ್ಳುತ್ತದೆ. SUM ಮಾತ್ರ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಿಲೋಗಳ ಮೊತ್ತ 3,365ಕ್ಕೆ ನಿಲ್ಲುತ್ತದೆ. SUMIF ಕೂಡ ಅದನ್ನು ಬಿಟ್ಟುಬಿಡುವುದರಿಂದ, ಖಾಲಿ ಜಾಗ ಸರಿಪಡಿಸಿದ ಮೇಲೆ ಬಗೆವಾರು ಮೊತ್ತವೂ 3,365 ಆಗುತ್ತದೆ. ಎರಡೂ ತಾಳೆ! ‘ಟ್ಯಾಲಿ ಆಯ್ತಲ್ಲ ಮೇಡಂ’ ಎಂದು ಎದ್ದು ಹೋಗುವವರು ಇಲ್ಲೇ ಬೀಳುವುದು. ಪ್ರಶ್ನೆಪತ್ರಿಕೆಯಲ್ಲಿ ತೂಕದ ಚೀಟಿಯ 3,640 ಕೊಟ್ಟಿರುವುದು ಇದಕ್ಕೇ. ಶೀಟಿನ ಒಳಗಿನ ಎರಡು ಮೊತ್ತಗಳು ಒಂದೇ ತಪ್ಪನ್ನು ಹಂಚಿಕೊಂಡಿರಬಹುದು, ಹೊರಗಿನ ಚೀಟಿ ಹಂಚಿಕೊಂಡಿರುವುದಿಲ್ಲ.

ವ್ಯತ್ಯಾಸ 275 ಎಂದು ಗೊತ್ತಾದರೆ ಸಾಲು ಹುಡುಕುವುದು ಸುಲಭ. ಆ ಅಂಕಿ ಕೋಶದ ಎಡಕ್ಕೆ ಅಂಟಿರುತ್ತದೆ, ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನವೂ ಇರುತ್ತದೆ. ಕೋಶದ ಫಾರ್ಮ್ಯಾಟನ್ನು ನಂಬರ್ ಎಂದು ಬದಲಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಅದರಿಂದ ಏನೂ ಆಗುವುದಿಲ್ಲ. 275 ಅನ್ನು ಮತ್ತೆ ಟೈಪ್ ಮಾಡಬೇಕು, ಇಲ್ಲವೇ ಆ ತ್ರಿಕೋನದ ಪಕ್ಕದ ಮೆನುವಿನಲ್ಲಿ Convert to Number ಆರಿಸಬೇಕು.

ತಿದ್ದುವ ಕೆಲಸ ನಾನು ಮಾಡುವುದು ಹೀಗೆ. ಫೈಲಿನ ನಕಲು ತೆರೆದು ಮೊದಲು ಒಟ್ಟು ನೋಡುತ್ತೇನೆ: 3,640 ಕೆ.ಜಿ., 11,31,600 ರೂಪಾಯಿ. ಆಮೇಲೆ AP ದರಕ್ಕೆ 500 ಸೇರಿಸುತ್ತೇನೆ. AP ಒಟ್ಟು 1,250 ಕೆ.ಜಿ., ಅಂದರೆ 25 ಮೂಟೆ, ಹಾಗಾಗಿ ಒಟ್ಟು ಮೊತ್ತ ಸರಿಯಾಗಿ 12,500 ಏರಬೇಕು. ಕ್ಯಾಲ್ಕುಲೇಟರ್ ಬಳಸಿದವರ ಶೀಟ್ ಅಲುಗುವುದಿಲ್ಲ. FALSE ಬಿಟ್ಟವರದ್ದೂ ಅಲುಗುವುದಿಲ್ಲ, ಅಲ್ಲಿ AP ದರವನ್ನು ಯಾರೂ ಕೇಳುತ್ತಲೇ ಇಲ್ಲವಲ್ಲ. ನಂತರ AC ದರಕ್ಕೆ 500. 640 ಕೆ.ಜಿ.ಗೆ 6,400 ಏರಬೇಕು. 4,000 ಮಾತ್ರ ಏರಿದರೆ ಆ 240 ಕೆ.ಜಿ. ಸಾಲಿನಲ್ಲಿ ದರ ಕೈಯಿಂದ ಬಂದಿದೆ ಎಂದರ್ಥ. ಅನುಮಾನ ಬಂದಲ್ಲಿ ಮಾತ್ರ Ctrl+` ಒತ್ತಿ ಎಲ್ಲ ಸೂತ್ರಗಳನ್ನೂ ಬಿಚ್ಚಿ ನೋಡುತ್ತೇನೆ. ಕೊನೆಗೆ ಸೇವ್ ಮಾಡದೆ ಮುಚ್ಚುತ್ತೇನೆ.

ಮೊತ್ತಕ್ಕೆ 8, ಬಗೆವಾರು ಕಿಲೋಗೆ 8. ಇಲ್ಲಿ ಒಂದು ನಿಯಮ ಬಿಗಿಯಾಗಿ ಪಾಲಿಸುತ್ತೇನೆ: ಒಂದು ತಪ್ಪಿಗೆ ಒಂದೇ ಸಲ ಅಂಕ ಕಡಿತ. ದರ ತಪ್ಪಾಗಿ ಬಂದಿದ್ದರೂ ಆ ದರದ ಮೇಲೆ 50ರಿಂದ ಭಾಗಿಸಿ ಗುಣಿಸಿದ್ದರೆ ಮೊತ್ತದ ಎಂಟೂ ಅಂಕ ಅವರಿಗೇ. ಅಂತಿಮ ಸಂಖ್ಯೆ ನೋಡಿ ಗೆರೆ ಎಳೆಯುವವರು ಒಂದೇ ಎಡವಟ್ಟಿಗೆ ಇಡೀ ಪತ್ರಿಕೆಯ ಅಂಕ ಕಳೆಯುತ್ತಾರೆ. 50ರಿಂದ ಭಾಗಿಸುವುದನ್ನೇ ಮರೆತವರಿಗೆ ಎಂಟರಲ್ಲಿ 4. ಎಂಟೂವರೆ ಮೂಟೆಗೆ 85 ಲಕ್ಷ ಬಂದಾಗ ತಲೆ ಎತ್ತಿ ನೋಡಬೇಕಿತ್ತು, ಕಾಫಿ ಸೀಮೆಯವರೇ ತಾನೇ. ಉಳಿದ 4 ಅಂಕ ಪ್ರಿಂಟಿಗೆ: ಒಂದು ಪುಟದ ಅಗಲಕ್ಕೆ ಕೂರಬೇಕು, ಶೀರ್ಷಿಕೆ ಇರಬೇಕು, ಅಷ್ಟೇ.

ಅಕ್ಕಪಕ್ಕದವರು ನಕಲು ಮಾಡದಿರಲೆಂದು ದರಗಳನ್ನು ಮಾತ್ರ ಬದಲಿಸಿ ಎರಡು ಮೂರು ಸೆಟ್ ಮಾಡುತ್ತೇನೆ, ಕಿಲೋ ಮುಟ್ಟುವುದಿಲ್ಲ. ಒಟ್ಟು ಮೊತ್ತ ಸೆಟ್ಟಿನಿಂದ ಸೆಟ್ಟಿಗೆ ಬೇರೆಯಾಗುತ್ತದೆ. ಆದರೆ 500 ಸೇರಿಸಿದಾಗ ಏರುವ ಮೊತ್ತ ಕಿಲೋ ಮೇಲೆ ಮಾತ್ರ ನಿಂತಿರುವುದರಿಂದ ಎಲ್ಲ ಸೆಟ್ಟಿಗೂ ಅದೇ 12,500, ಅದೇ 6,400. ತಿದ್ದುವಾಗ ಉತ್ತರಪಟ್ಟಿ ಒಂದೇ ಸಾಕು.