ಅರ್ಜಿ ಹಾಕಿದ್ದು ಒಂದಕ್ಕೆ, ಆಫರ್ ಬಂದಿದ್ದು ಇನ್ನೊಂದಕ್ಕೆ: ಕಂಪನಿಗೆ ಮೇಲ್ ಬರೆಯುವುದು ಹೇಗೆ

ಆಫರ್ ಲೆಟರ್ ಬಂದ ತಕ್ಷಣ ಎಲ್ಲರೂ ಮೊದಲು ನೋಡುವುದು ಸಂಬಳದ ಸಾಲು. ಹುದ್ದೆಯ ಹೆಸರನ್ನು ಎಷ್ಟೋ ಜನ ಸರಿಯಾಗಿ ಓದುವುದೇ ಇಲ್ಲ. ಓದಿದವರು ಅದು ಬೇರೆ ಅಂತ ಗೊತ್ತಾದರೆ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಸುಮ್ನೆ ಒಪ್ಪಿಕೊಂಡು ಒಳಗೊಳಗೇ ಕೊರಗುತ್ತಾರೆ, ಇಲ್ಲ ಸಿಟ್ಟಿನಲ್ಲಿ ಉದ್ದದ ಮೇಲ್ ಕಳಿಸುತ್ತಾರೆ. ಇವೆರಡರ ನಡುವೆ ಇನ್ನೊಂದು ದಾರಿ ಇದೆ, ಈ ಟಿಪ್ಪಣಿ ಅದರ ಬಗ್ಗೆ.

ಉದಾಹರಣೆಗೆ ನಮ್ಮ ಪರಿಚಯದ ಹುಡುಗಿಯೊಬ್ಬಳ ಕಥೆ ತಗೊಳ್ಳೋಣ. ಊರು ಮೂಡಿಗೆರೆ ಕಡೆ, ಇಂಜಿನಿಯರಿಂಗ್ ಓದಿದ್ದು ಹಾಸನದಲ್ಲಿ. ಕ್ಯಾಂಪಸ್ ಮೂಲಕ ಅಲ್ಲ, ಬೆಂಗಳೂರಿನ ಒಂದು ಕಂಪನಿಗೆ ತಾನೇ ನೇರವಾಗಿ ಅರ್ಜಿ ಹಾಕಿದ್ದಳು. ಬ್ಯಾಕೆಂಡ್ ಡೆವಲಪರ್ ಹುದ್ದೆ. ಎರಡು ಟೆಕ್ನಿಕಲ್ ಇಂಟರ್ವ್ಯೂ ಆಯಿತು, ಎರಡರಲ್ಲೂ ಕೇಳಿದ್ದು ಕೋಡ್ ಮತ್ತು ಡೇಟಾಬೇಸ್ ಬಗ್ಗೆಯೇ. ಸೋಮವಾರ ಬಂದ ಆಫರ್ ಲೆಟರ್‌ನಲ್ಲಿ ಮಾತ್ರ ‘ಅಪ್ಲಿಕೇಶನ್ ಸಪೋರ್ಟ್ ಇಂಜಿನಿಯರ್, ಶಿಫ್ಟ್ ಅನ್ವಯ’ ಅಂತ ಇತ್ತು. ಒಪ್ಪಿಗೆ ಕೊಡಲು ಶುಕ್ರವಾರ ಕೊನೆ ದಿನ. ಅವಳ ಮಾವ ಕಾಫಿ ಬೆಳೆಗಾರರು, ‘ಅರೇಬಿಕಾ ಕೇಳಿದ್ರೆ ರೊಬಸ್ಟಾ ತೂಗಿ ಕೊಟ್ಟಿದ್ದಾರಲ್ಲಮ್ಮ’ ಅಂದರಂತೆ.

ಹೀಗೆ ಯಾಕಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಬೇಕು, ಮೇಲ್‌ನ ಧಾಟಿ ಅದರ ಮೇಲೇ ನಿಂತಿದೆ. ಸಾಮಾನ್ಯವಾಗಿ ಮೂರು ಕಾರಣ. ನೀವು ಅರ್ಜಿ ಹಾಕಿದ ಟೀಮಿನ ಸೀಟು ತುಂಬಿರುತ್ತದೆ, ಆದರೆ ಇಂಟರ್ವ್ಯೂ ಚೆನ್ನಾಗಿ ಮಾಡಿದ್ದೀರಿ ಅಂತ ಎಚ್‌ಆರ್ ನಿಮ್ಮನ್ನು ಬೇರೆ ಖಾಲಿ ಹುದ್ದೆಗೆ ಹಾಕಿರುತ್ತಾರೆ. ಇಲ್ಲವೇ ಇಂಟರ್ವ್ಯೂ ಮಾಡಿದವರೇ ‘ಇವರು ಆ ಕೆಲಸಕ್ಕಿಂತ ಈ ಕೆಲಸಕ್ಕೆ ಸರಿ’ ಅಂತ ಬರೆದಿರುತ್ತಾರೆ. ಇನ್ನು ಕೆಲವು ಸಲ ಯಾವುದೋ ಹಳೇ ಟೆಂಪ್ಲೇಟ್ ಬಳಸಿ ಹುದ್ದೆಯ ಹೆಸರು ತಪ್ಪಾಗಿ ಬಂದಿರುತ್ತದೆ, ಅಷ್ಟೇ. ಯಾವ ಕಾರಣ ಅಂತ ಹೊರಗಿರುವ ನಮಗೆ ಗೊತ್ತಾಗುವುದಿಲ್ಲ. ಅದಕ್ಕೇ ‘ನನಗೆ ಮೋಸ ಮಾಡಿದ್ದೀರಿ’ ಅನ್ನುವ ಧಾಟಿ ನಡೆಯುವುದಿಲ್ಲ. ಬರೀ ಟೈಪಿಂಗ್ ತಪ್ಪಾಗಿದ್ದರೆ ಆ ಮೇಲ್ ಕಳಿಸಿದ ಮೇಲೆ ಮುಖ ಎಲ್ಲಿ ಇಟ್ಟುಕೊಳ್ಳುತ್ತೀರಿ, ಹೇಳಿ.

ಮೇಲ್ ಬರೆಯುವ ಮುಂಚೆ ಪೋರ್ಟಲ್‌ನಲ್ಲಿ ಒಪ್ಪಿಗೆಯ ಬಟನ್ ಒತ್ತಬೇಡಿ. ಒಪ್ಪಿದ ಮೇಲೆ ನೀವು ಕೇಳುವುದು ಟೀಮ್ ಬದಲಾವಣೆ, ಅದಕ್ಕೆ ಕಂಪನಿ ‘ಸೇರಿದ ಮೇಲೆ ನೋಡೋಣ’ ಅಂತ ಹೇಳಿ ಮುಗಿಸಬಹುದು. ಒಪ್ಪುವ ಮುಂಚೆ ಕೇಳಿದರೆ ಅದು ಇನ್ನೂ ಮಾತುಕತೆ. ಹಾಗೇ ನೀವು ಅರ್ಜಿ ಹಾಕಿದ ಜಾಹೀರಾತಿನ ಸ್ಕ್ರೀನ್‌ಶಾಟ್, ಅರ್ಜಿ ಸಂಖ್ಯೆ, ಇಂಟರ್ವ್ಯೂಗೆ ಕರೆದ ಮೇಲ್ ಇವನ್ನು ಹುಡುಕಿ ಇಟ್ಟುಕೊಳ್ಳಿ. ಹುದ್ದೆ ತುಂಬಿದ ಮೇಲೆ ಜಾಹೀರಾತು ವೆಬ್‌ಸೈಟಿನಿಂದ ಹೋಗಿಬಿಡುತ್ತದೆ, ಆಮೇಲೆ ಹುಡುಕಿದರೂ ಸಿಗಲ್ಲ.

ಅವಳ ಮೊದಲ ಡ್ರಾಫ್ಟ್‌ನಲ್ಲಿ ಒಂದು ಸಾಲು ಹೀಗಿತ್ತು: ‘ಸಪೋರ್ಟ್ ಕೆಲಸ ಮಾಡೋಕೆ ನಾನು ನಾಲ್ಕು ವರ್ಷ ಓದಿಲ್ಲ.’ ಇದನ್ನು ಓದುವ ಎಚ್‌ಆರ್ ಮೇಲ್ ಅನ್ನು ಸಪೋರ್ಟ್ ಟೀಮಿನ ಮ್ಯಾನೇಜರ್‌ಗೇ ಫಾರ್ವರ್ಡ್ ಮಾಡಬಹುದು ಅಲ್ವಾ? ಆ ಸಾಲು ತೆಗೆಸಿದೆವು. ಕೊನೆಗೆ ಹೋದ ಮೇಲ್ ಇದು. ಹೋಗಿದ್ದು ಇಂಗ್ಲಿಷಿನಲ್ಲಿ, ವಿಷಯ ಮಾತ್ರ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

> ವಿಷಯ: ಆಫರ್‌ನಲ್ಲಿರುವ ಹುದ್ದೆಯನ್ನು ಮರುಪರಿಶೀಲಿಸಲು ಮನವಿ (ಹೆಸರು, ಅರ್ಜಿ ಸಂಖ್ಯೆ)
>
> ನಮಸ್ಕಾರ ಮೇಡಂ,
>
> ಸೋಮವಾರ ಕಳಿಸಿದ ಆಫರ್ ಲೆಟರ್ ತಲುಪಿದೆ, ಧನ್ಯವಾದಗಳು. ನಾನು ಅರ್ಜಿ ಹಾಕಿದ್ದು ಬ್ಯಾಕೆಂಡ್ ಡೆವಲಪರ್ ಹುದ್ದೆಗೆ, ಎರಡೂ ಇಂಟರ್ವ್ಯೂ ಅದಕ್ಕೇ ನಡೆದವು. ಲೆಟರ್‌ನಲ್ಲಿ ಅಪ್ಲಿಕೇಶನ್ ಸಪೋರ್ಟ್ ಇಂಜಿನಿಯರ್ ಎಂದಿದೆ. ಹುದ್ದೆ ಬದಲಾಗಿದೆಯೇ, ಅಥವಾ ಲೆಟರ್‌ನಲ್ಲಿ ಹೆಸರು ತಪ್ಪಾಗಿ ಬಂದಿದೆಯೇ ಎಂದು ದಯವಿಟ್ಟು ತಿಳಿಸಿ.
>
> ಬದಲಾಗಿದ್ದರೆ, ಬ್ಯಾಕೆಂಡ್ ಹುದ್ದೆಗೆ ನನ್ನನ್ನು ಮತ್ತೊಮ್ಮೆ ಪರಿಗಣಿಸಬೇಕೆಂದು ಕೋರುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟ್‌ನ ಸರ್ವರ್ ಭಾಗವನ್ನು ಜಾವಾದಲ್ಲಿ ನಾನೇ ಬರೆದಿದ್ದೇನೆ. ಎರಡನೇ ಇಂಟರ್ವ್ಯೂನಲ್ಲಿ ಅದನ್ನು ತೋರಿಸಿದ್ದೆ. ಬೇಕಿದ್ದರೆ ಇನ್ನೊಂದು ಟೆಸ್ಟ್‌ಗೆ ಸಿದ್ಧಳಿದ್ದೇನೆ.
>
> ಆ ಟೀಮಿನಲ್ಲಿ ಈಗ ಜಾಗವಿಲ್ಲದಿದ್ದರೆ, ಸಪೋರ್ಟ್ ಟೀಮಿನ ಲೀಡ್ ಜೊತೆ ಹದಿನೈದು ನಿಮಿಷ ಮಾತಾಡಲು ಅವಕಾಶ ಕೊಡಿ. ಕೆಲಸ ಏನೆಂದು ತಿಳಿದುಕೊಂಡು ನಿರ್ಧಾರ ಹೇಳುತ್ತೇನೆ. ಶುಕ್ರವಾರದೊಳಗೆ ಇದು ಕಷ್ಟವಾದರೆ, ಒಪ್ಪಿಗೆಯ ದಿನವನ್ನು ಮುಂದಿನ ಬುಧವಾರದವರೆಗೆ ಮುಂದೂಡಲು ಸಾಧ್ಯವೇ?

ಇದರಲ್ಲಿ ಗಮನಿಸಬೇಕಾದದ್ದು ‘ಬದಲಾಗಿದ್ದರೆ’ ಅನ್ನುವ ಮಾತು. ತಪ್ಪಾಗಿದ್ದರೆ ಎಚ್‌ಆರ್‌ಗೆ ತಿದ್ದಿಕೊಳ್ಳಲು ಮರ್ಯಾದೆಯ ದಾರಿ ಸಿಕ್ಕಿತು, ಬೇಕೆಂದೇ ಬದಲಿಸಿದ್ದರೆ ಮನವಿಯೂ ಅದೇ ಮೇಲ್‌ನಲ್ಲಿ ಇದೆ. ಇವೆರಡನ್ನೂ ಬೇರೆ ಬೇರೆ ಮೇಲ್ ಮಾಡಿದರೆ, ಮೊದಲನೆಯದಕ್ಕೆ ಉತ್ತರ ಬರುವಷ್ಟರಲ್ಲೇ ಶುಕ್ರವಾರ ಬಂದಿರುತ್ತದೆ. ಇನ್ನೊಂದು, ಆಫರ್ ಬೇಡ ಅಂತ ಎಲ್ಲೂ ಹೇಳಿಲ್ಲ. ‘ಈ ಹುದ್ದೆ ಆದರೆ ಸೇರುವುದಿಲ್ಲ’ ಅಂತ ಬರೆದರೆ, ಅವರು ‘ಸರಿ’ ಅಂತ ಫೈಲ್ ಮುಚ್ಚಿಬಿಡಬಹುದು. ಬೇರೆ ಆಫರ್ ಕೈಯಲ್ಲಿದ್ದು, ನಿಜವಾಗಿಯೂ ಬಿಡಲು ತಯಾರಿದ್ದರೆ ಮಾತ್ರ ಆ ಮಾತು. ‘ನಾನು ಬಹಳ ಶ್ರಮಜೀವಿ’ ಅನ್ನುವ ಸಾಲಿಗೂ ಇಲ್ಲಿ ಕೆಲಸವಿಲ್ಲ. ಆ ಹುದ್ದೆಗೆ ನೇರ ಸಂಬಂಧ ಇರುವ, ಇಂಟರ್ವ್ಯೂ ಮಾಡಿದವರೇ ನೋಡಿರುವ ಒಂದು ಕೆಲಸವನ್ನು ಹೆಸರಿಸಿದರೆ ಸಾಕು. ಎಚ್‌ಆರ್ ಅದನ್ನು ಮ್ಯಾನೇಜರ್‌ಗೆ ಕಳಿಸಿದಾಗ ಅವರಿಗೆ ನೆನಪಾಗುವುದು ಅದೇ.

ಮೇಲ್ ಹೋಗಬೇಕಾದ್ದು ಆಫರ್ ಕಳಿಸಿದ ಎಚ್‌ಆರ್‌ಗೆ, ಅದೇ ಥ್ರೆಡ್‌ನಲ್ಲಿ ರಿಪ್ಲೈ ಮಾಡಿ. ಇಂಟರ್ವ್ಯೂ ಮಾಡಿದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಅಲ್ಲಿ ದೂರು ಹೇಳುವುದು ಬೇಡ, ಎಚ್‌ಆರ್‌ಗೆ ತಮ್ಮನ್ನು ದಾಟಿ ಹೋದರು ಅನ್ನಿಸುತ್ತದೆ. ಎರಡು ಕೆಲಸದ ದಿನ ಉತ್ತರ ಬರದಿದ್ದರೆ ಒಂದು ಫೋನ್ ಮಾಡಿ, ಮಾತಾಡಿದ್ದನ್ನು ಅದೇ ಥ್ರೆಡ್‌ನಲ್ಲಿ ಎರಡು ಸಾಲು ಬರೆದು ಹಾಕಿ.

ಅವಳಿಗೆ ಬುಧವಾರ ಉತ್ತರ ಬಂತು. ತಪ್ಪೇನೂ ಆಗಿರಲಿಲ್ಲ. ಬ್ಯಾಕೆಂಡ್ ಸೀಟು ತುಂಬಿತ್ತು. ಸಪೋರ್ಟ್ ಲೀಡ್ ಜೊತೆ ಗುರುವಾರ ಕಾಲ್ ಇಟ್ಟರು, ದಿನ ಮುಂದೂಡಲಿಲ್ಲ. ಕಾಲ್‌ನಲ್ಲಿ ಅವಳು ಕೇಳಿದ್ದು ಮೂರೇ ಪ್ರಶ್ನೆ: ವಾರದಲ್ಲಿ ಕೋಡ್ ಬರೆಯುವುದು ಎಷ್ಟು, ರಾತ್ರಿ ಶಿಫ್ಟ್ ಎಷ್ಟು ವಾರಕ್ಕೊಮ್ಮೆ, ಈ ಟೀಮಿನಿಂದ ಡೆವಲಪ್‌ಮೆಂಟ್‌ಗೆ ಯಾರಾದರೂ ಹೋಗಿದ್ದಾರಾ. ಕೊನೆಯ ಪ್ರಶ್ನೆಗೆ ‘ಅವಕಾಶ ಇದೆ’ ಅಂತಷ್ಟೇ ಹೇಳಿದರೆ ಅದು ಉತ್ತರವಲ್ಲ, ಎಷ್ಟು ಸಮಯದ ಮೇಲೆ ಅರ್ಜಿ ಹಾಕಬಹುದು ಅಂತ ಕೇಳಬೇಕು. ಲೀಡ್ ಒಂದು ವರ್ಷ ಅಂದರು. ಅವಳು ಅದನ್ನು ಎಚ್‌ಆರ್‌ಗೆ ಮೇಲ್ ಮಾಡಿ, ಹೌದು ಅನ್ನುವ ಲಿಖಿತ ಉತ್ತರ ತರಿಸಿಕೊಂಡು, ಶುಕ್ರವಾರ ಮಧ್ಯಾಹ್ನ ಒಪ್ಪಿದಳು. ಆ ಉತ್ತರ ಗ್ಯಾರಂಟಿ ಅಲ್ಲ, ಕಂಪನಿಯ ನಿಯಮ ಬದಲಾಗಬಹುದು. ಆದರೂ ಮುಂದೆ ಕೇಳುವಾಗ ಬಾಯಿಮಾತಿಗಿಂತ ವಾಸಿ.

ಈ ಮೇಲ್ ಎಲ್ಲ ಕಡೆ ನಡೆಯುವುದಿಲ್ಲ. ಕ್ಯಾಂಪಸ್‌ನಿಂದ ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ದೊಡ್ಡ ಕಂಪನಿಗಳ ಲೆಟರ್‌ನಲ್ಲಿ ಬರೀ ‘ಟ್ರೈನಿ’ ಅಂತ ಇರುತ್ತದೆ, ‘ಯಾವುದೇ ವಿಭಾಗಕ್ಕೆ, ಯಾವುದೇ ಊರಿಗೆ ಹಾಕುವ ಹಕ್ಕು ಕಂಪನಿಯದ್ದು’ ಅನ್ನುವ ಷರತ್ತೂ ಇರುತ್ತದೆ. ಅಲ್ಲಿ ಹುದ್ದೆ ಬದಲಾಗಿದೆ ಅನ್ನಲು ಆಧಾರವೇ ಇಲ್ಲ, ಟ್ರೈನಿಂಗ್‌ಗೆ ಯಾವ ಸ್ಟ್ರೀಮ್ ಇಷ್ಟ ಅಂತ ಹೇಳಬಹುದು ಅಷ್ಟೇ. ಕ್ಯಾಂಪಸ್ ಆಫರ್ ಆಗಿದ್ದರೆ ಮೊದಲು ಪ್ಲೇಸ್‌ಮೆಂಟ್ ಆಫೀಸರ್ ಸರ್ ಹತ್ತಿರ ಹೋಗಿ ಕೇಳಿ. ಒಂದು ಆಫರ್ ಬಂದವರನ್ನು ಮುಂದಿನ ಡ್ರೈವ್‌ಗೆ ಬಿಡದ ಕಾಲೇಜುಗಳಿವೆ. ನಿಮ್ಮದೂ ಹಾಗಿದ್ದರೆ ಈ ಆಫರ್ ಕೈತಪ್ಪಿದರೆ ಮುಂದೇನು ಅಂತ ಮೇಲ್ ಕಳಿಸುವ ಮುಂಚೆಯೇ ಗೊತ್ತಿರಬೇಕು. ಬಾಂಡ್ ಇದ್ದರಂತೂ, ಹುದ್ದೆ ಯಾವುದು ಅಂತ ಸ್ಪಷ್ಟವಾಗುವವರೆಗೆ ಸಹಿ ಹಾಕಬೇಡಿ.