ಒಂದು ಚಾಳೀಸು, ಒಬ್ಬ ಬಿದರಿ ಕುಶಲಕರ್ಮಿ: ದೇಣಿಗೆ ಕ್ಯಾಪ್ಷನ್‌ ಬರೆಯುವ ಲೆಕ್ಕಾಚಾರ

ಸಮಾಜಕಾರ್ಯ ಓದುತ್ತಿರುವವರು, ಸಂಸ್ಥೆಗಳ ಫೇಸ್‌ಬುಕ್‌–ಇನ್‌ಸ್ಟಾಗ್ರಾಮ್‌ ಪುಟ ನೋಡಿಕೊಳ್ಳುವವರು ಹೆಚ್ಚಾಗಿ ಎಡವುವ ಜಾಗದ ಬಗ್ಗೆ ಈ ಟಿಪ್ಪಣಿ. ದೇಣಿಗೆ ಕೇಳುವ ನಾಲ್ಕು ಸಾಲಿನಲ್ಲಿ ಒಂದೇ ಒಂದು ಉದಾಹರಣೆ ಇಟ್ಟು, ಕೊಟ್ಟ ಹಣ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂದು ತೋರಿಸುವುದು ಹೇಗೆ? ಅಭ್ಯಾಸಕ್ಕೆ ಬೀದರ್‌ ಅನ್ನೇ ತೆಗೆದುಕೊಳ್ಳೋಣ. ಒಂದು ಸಣ್ಣ ಸಂಸ್ಥೆ ಬಿದರಿ ಕೆಲಸ ಮಾಡುವವರಿಗೆ ಕಣ್ಣಿನ ತಪಾಸಣೆ ಶಿಬಿರ ನಡೆಸಿ, ಬೇಕಾದವರಿಗೆ ಚಾಳೀಸು, ಅಂದರೆ ಹತ್ತಿರದ ನೋಟದ ಕನ್ನಡಕ, ಕೊಡುತ್ತದೆ ಎಂದಿಟ್ಟುಕೊಳ್ಳಿ. ಸಂಸ್ಥೆ, ಕುಶಲಕರ್ಮಿ, ಹಣದ ಅಂಕಿ ಇವೆಲ್ಲ ಪಾಠಕ್ಕಾಗಿ ಹಿಡಿದವು. ನಿಮ್ಮ ಸಂಸ್ಥೆಯ ನಿಜವಾದ ಬಿಲ್ಲುಗಳನ್ನು ಅಲ್ಲಿ ಕೂರಿಸಿ ನೋಡಿ.

ಸಾಮಾನ್ಯವಾಗಿ ಬರುವ ಕ್ಯಾಪ್ಷನ್‌ ಹೀಗಿರುತ್ತದೆ:

"ನೂರಾರು ಬಡ ಕಲಾವಿದರ ಬಾಳಿಗೆ ಬೆಳಕಾಗಿ. ನಿಮ್ಮ ₹180 ಒಬ್ಬರ ಬದುಕನ್ನೇ ಬದಲಿಸಬಲ್ಲದು. ಉದಾರವಾಗಿ ಸಹಾಯ ಮಾಡಿ."

ಇದನ್ನು ಓದಿದವರಿಗೆ ಹಣ ಯಾವ ವಸ್ತುವಾಯಿತು, ಆ ವಸ್ತು ಯಾವ ಕೆಲಸಕ್ಕೆ ಬಂತು ಎರಡೂ ತಿಳಿಯುವುದಿಲ್ಲ. ಹೆಸರು ಬದಲಿಸಿದರೆ ಹೊಲಿಗೆ ಯಂತ್ರಕ್ಕೂ ಇದೇ ಕ್ಯಾಪ್ಷನ್‌ ನಡೆಯುತ್ತದೆ, ಶಾಲೆಯ ಬೆಂಚಿಗೂ ನಡೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ₹180ರದ್ದು. ಅದಕ್ಕೆ ಆಮೇಲೆ ಬರೋಣ.

ಬರೆಯಲು ಕೂರುವ ಮೊದಲು ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬಿದರಿ ಪಾತ್ರೆಯನ್ನು ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ಸದ್ಯಕ್ಕೆ ಕಪ್ಪಾಗಿಸುತ್ತಾರೆ. ಅದರ ಮೇಲೆ ಚೂಪು ಮೊನೆಯಿಂದ ಗೀಚಿದ ಬಳ್ಳಿ, ಹೂವು ಬೆಳ್ಳಗೆ ಕಾಣುತ್ತವೆ. ಆ ಗೀರನ್ನೇ ಹಿಡಿದು ಉಳಿ–ಸುತ್ತಿಗೆಯಿಂದ ಸಣ್ಣ ಕಾಲುವೆ ಕೆತ್ತಿ, ಬೆಳ್ಳಿ ತಂತಿಯನ್ನು ಅದರೊಳಗೆ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್‌ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ ಹಚ್ಚಿದಾಗ ಲೋಹ ಕಪ್ಪಾಗಿ ನಿಲ್ಲುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಷ್ಟರಲ್ಲಿ ಕಣ್ಣಿಗೆ ಅತಿ ಹೆಚ್ಚು ಕೆಲಸ ಇರುವುದು ಕೆತ್ತನೆಯಲ್ಲಿ ಮತ್ತು ತಂತಿ ಕೂರಿಸುವಲ್ಲಿ. ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಸುಕಾಗತೊಡಗಿದರೆ ಮೊದಲು ಕೈಬಿಟ್ಟು ಹೋಗುವುದೂ ಆ ಸಣ್ಣ ಕೆಲಸವೇ. ಕ್ಯಾಪ್ಷನ್ನಿಗೆ ಬೇಕಾದ ಉದಾಹರಣೆ ಇಲ್ಲಿದೆ. "ಬದುಕು ಬದಲಾಯಿತು" ಎಂಬ ಮಾತಿಗೆ ಸಾಕ್ಷಿ ಹುಡುಕುವುದು ಕಷ್ಟ. "ಬಿಟ್ಟಿದ್ದ ಸಣ್ಣ ಬಳ್ಳಿಯ ಕೆಲಸವನ್ನು ಮತ್ತೆ ಹಿಡಿದರು" ಎಂಬುದನ್ನು ಕಾರ್ಖಾನೆಗೆ ಹೋಗಿ ಕಣ್ಣಾರೆ ನೋಡಿ ಬರಬಹುದು.

ಇದೇ ಹಂತದಲ್ಲಿ ಶಿಬಿರದಲ್ಲೇ ತಪ್ಪಾಗುವ ಸಾಧ್ಯತೆಯೂ ಇದೆ, ಅಲ್ಲಿ ತಪ್ಪಾದರೆ ಕ್ಯಾಪ್ಷನ್‌ ಸುಳ್ಳಾಗುತ್ತದೆ. ಓದುವ ಚಾರ್ಟನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರದಲ್ಲಿ ಹಿಡಿಸಿ ನಂಬರು ನೋಡುತ್ತಾರೆ. ಕೆತ್ತುವವರು ಪಾತ್ರೆಯನ್ನು ಅದಕ್ಕಿಂತ ಹತ್ತಿರ ಹಿಡಿದು ಬಾಗಿ ಕೂರುತ್ತಾರೆ. ದೂರದ ನೋಟ ಸರಿಯಿರುವ ಕಣ್ಣು 40 ಸೆಂ.ಮೀ.ನಲ್ಲಿ ಸ್ಪಷ್ಟವಾಗಿ ನೋಡಲು ಮಸೂರದ ಶಕ್ತಿ ಅಳೆಯುವ ಡಯಾಪ್ಟರ್‌ ಲೆಕ್ಕದಲ್ಲಿ 2.5 ಹೆಚ್ಚುವರಿ ಶಕ್ತಿ ಬೇಕು; 25 ಸೆಂ.ಮೀ.ನಲ್ಲಿ 4 ಬೇಕು. ಚಾರ್ಟಿಗೆ ಸರಿಹೋದ ಚಸ್ಮಾ ಕೆಲಸಕ್ಕೆ ಸಾಲದು. ಹಾಕಿಕೊಂಡವರು ಎರಡು ದಿನ ಪಾತ್ರೆಯನ್ನು ದೂರ ಸರಿಸಿ ನೋಡಿ, ಕೈಗೆ ಹದ ಸಿಗದೆ, ತೆಗೆದು ಗೂಡಿನಲ್ಲಿ ಇಡುತ್ತಾರೆ. ಹಾಗಾಗಿ ತಪಾಸಣೆಗೆ ಬರುವಾಗ ಕೆತ್ತುತ್ತಿರುವ ಪಾತ್ರೆಯನ್ನೇ ತರಲು ಹೇಳಬೇಕು, ಕೂರುವಂತೆಯೇ ಕೂರಿಸಿ ದೂರ ಅಳೆಯಬೇಕು. ಈ ಒಂದು ವಿವರ ಕ್ಯಾಪ್ಷನ್ನಿನಲ್ಲಿ ಬಂದರೆ ಸಂಸ್ಥೆಗೆ ಕೆಲಸ ಗೊತ್ತಿದೆ ಎಂಬುದು ಓದುಗರಿಗೆ ಬೇರೆ ಹೇಳದೆಯೇ ತಿಳಿಯುತ್ತದೆ.

ಈಗ ಹಣಕ್ಕೆ ಬರೋಣ. ಒಂದು ಚಾಳೀಸಿಗೆ ₹180 ಎಂದರೆ 40 ಚಾಳೀಸಿಗೆ ₹7,200. ಕಣ್ಣು ಪರೀಕ್ಷಕರ ಸಂಭಾವನೆ, ಗಾಡಿ, ಚಹಾ ಎಲ್ಲ ಸೇರಿ ಶಿಬಿರದ ದಿನಕ್ಕೆ ₹4,000. ಮುರಿದವಕ್ಕೆ ಬದಲಿ ಕೊಡಲು 4 ಹೆಚ್ಚುವರಿ, ₹720. ತಿಂಗಳ ಮೇಲೆ ಮನೆ–ಕಾರ್ಖಾನೆಗೆ ಹೋಗಿ ನೋಡಿ ಬರಲು ₹1,000. ಒಟ್ಟು ₹12,920. ನಲವತ್ತರಿಂದ ಭಾಗಿಸಿದರೆ ತಲೆಗೆ ₹323. ಅಂದರೆ ₹180 ಎಂದು ಬರೆದವರು ಚಸ್ಮಾದ ಅಂಗಡಿ ಬೆಲೆ ಹೇಳಿದರೇ ಹೊರತು ಕೆಲಸದ ಬೆಲೆ ಹೇಳಲಿಲ್ಲ. ಮಿಕ್ಕ ₹143 ಎಲ್ಲಿಂದ ಬರುತ್ತದೆ ಎಂದು ಖಜಾಂಚಿ ಕೇಳುವ ದಿನ ಬಂದೇ ಬರುತ್ತದೆ.

ಇನ್ನೂ ಒಂದು ಮೆಟ್ಟಿಲು ಇಳಿಯಬೇಕು. ಒಂದು ತಿಂಗಳ ಮೇಲೆ ಹೋಗಿ ನೋಡಿದಾಗ 40 ಜನರಲ್ಲಿ 30 ಜನ ಕೆಲಸದ ಹೊತ್ತಿನಲ್ಲಿ ಹಾಕಿಕೊಳ್ಳುತ್ತಿದ್ದಾರೆ ಎನ್ನಿ. ನಾವು ಹೇಳಹೊರಟಿರುವ ಫಲ "ಹಂಚಿದೆವು" ಎಂಬುದಲ್ಲ, "ಹಾಕಿಕೊಂಡು ಕೆಲಸ ಮಾಡುತ್ತಿದ್ದಾರೆ" ಎಂಬುದು. ಆದ್ದರಿಂದ ₹12,920 ಅನ್ನು 30ರಿಂದ ಭಾಗಿಸಬೇಕು: ಸುಮಾರು ₹431. ಕೇಳುವ ಮೊತ್ತ ₹450 ಎಂದು ಇಟ್ಟರೆ 30 ಜನರಿಗೆ ₹13,500 ಆಗುತ್ತದೆ, ಉಳಿಯುವ ₹580 ರಸೀದಿ, ಹಣ ಪಾವತಿ ಶುಲ್ಕಕ್ಕೆ ಹೋಗುತ್ತದೆ. ಇಲ್ಲಿ ಹಲವರು ಜಾರುತ್ತಾರೆ. ಚಾಳೀಸು 40 ಎಂದು ನೆನಪಿಟ್ಟುಕೊಂಡು 450 × 40 ಮಾಡಿ ಗುರಿ ₹18,000 ಎಂದು ಬರೆದುಬಿಡುತ್ತಾರೆ. ಖರ್ಚಿಗಿಂತ ₹5,080 ಹೆಚ್ಚು ಕೇಳಿದಂತಾಯಿತು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಒಬ್ಬ ದಾನಿ ಇದ್ದರೂ ಸಾಕು, ಅದನ್ನು ಅದೇ ದಿನ ಹಿಡಿದುಬಿಡುತ್ತಾರೆ.

ಫಲದ ವಿಷಯದಲ್ಲಿ ಮತ್ತೊಂದು ಆಸೆ ಹುಟ್ಟುತ್ತದೆ: ಬೇರೆಯವರ ಅಂಕಿಯನ್ನು ಎರವಲು ತರುವುದು. ಅಸ್ಸಾಮಿನಲ್ಲಿ 40 ದಾಟಿದ 751 ಚಹಾ ತೋಟದ ಕೆಲಸಗಾರರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್‌ ಗ್ಲೋಬಲ್‌ ಹೆಲ್ತ್‌ ಪತ್ರಿಕೆಯಲ್ಲಿ ಬಂತು. ಹತ್ತಿರದ ನೋಟದ ಕನ್ನಡಕ ಸಿಕ್ಕವರ ದಿನದ ಎಲೆ ಕೊಯ್ಲು, ಸಿಗದವರದ್ದಕ್ಕಿಂತ ಶೇ 21.7ರಷ್ಟು ಹೆಚ್ಚು ಏರಿತ್ತು. ಒಳ್ಳೆಯ ಪ್ರಯೋಗ, ಕನ್ನಡಕ ಕೊಡುವುದು ದಂಡವಲ್ಲ ಎಂದು ನಂಬಲು ಸಾಕಷ್ಟು ಬಲವೂ ಇದೆ. ಆದರೆ ಅಲ್ಲಿ ಅಳೆದದ್ದು ಕಿಲೋ ಲೆಕ್ಕದ ಎಲೆ. ಬಿದರಿಯಲ್ಲಿ ಒಂದು ಹೂದಾನಿ ಇನ್ನೊಂದರಂತಿಲ್ಲ; ಇಂದು ಬಳ್ಳಿ, ನಾಳೆ ಬರೀ ಅಂಚು. "ಆದಾಯ ಶೇ 22 ಹೆಚ್ಚುತ್ತದೆ" ಎಂದು ಬೀದರ್‌ ಕುಶಲಕರ್ಮಿಯ ಫೋಟೋ ಕೆಳಗೆ ಬರೆದರೆ ಯಾರೂ ಅಳೆಯದ ಅಂಕಿಯನ್ನು ಅವರ ತಲೆಗೆ ಕಟ್ಟಿದಂತೆ. ಆ ಅಧ್ಯಯನವನ್ನು ಸಂಸ್ಥೆಯ ವರದಿಯಲ್ಲಿ ಹಿನ್ನೆಲೆಯಾಗಿ ಇಡಿ, ಕ್ಯಾಪ್ಷನ್ನಿನಲ್ಲಿ ಬೇಡ.

ಇಷ್ಟೆಲ್ಲ ಆದ ಮೇಲೆ ಕ್ಯಾಪ್ಷನ್‌ ಹೀಗೆ ಬರಬಹುದು:

"ಗೀರು ಕಂಡರೆ ತಾನೇ ಬೆಳ್ಳಿ ತಂತಿ ಅದರಲ್ಲಿ ಕೂರುವುದು?

ಬೀದರಿನ ಈ ಬಿದರಿ ಕುಶಲಕರ್ಮಿಗೆ ಐವತ್ತು ದಾಟಿದೆ. ಸಣ್ಣ ಬಳ್ಳಿಯ ಕೆತ್ತನೆ ಬಿಟ್ಟು ದೊಡ್ಡ ಹೂವಿನ ಕೆಲಸವನ್ನಷ್ಟೇ ಒಪ್ಪಿಕೊಳ್ಳುತ್ತಿದ್ದರು. ಶಿಬಿರಕ್ಕೆ ತಾವು ಕೆತ್ತುತ್ತಿದ್ದ ಹೂದಾನಿಯನ್ನೇ ತಂದರು. ಅದನ್ನು ಕೈಯಲ್ಲಿ ಹಿಡಿಸಿಯೇ ಚಾಳೀಸಿನ ನಂಬರು ನೋಡಿದೆವು. ತಿಂಗಳ ಮೇಲೆ ಹೋದಾಗ ಸಣ್ಣ ಬಳ್ಳಿಯ ಡಬ್ಬಿಯೊಂದನ್ನು ಕೆತ್ತುತ್ತಿದ್ದರು.

ಇಂಥ ಇನ್ನೊಬ್ಬರಿಗಾಗಿ ₹450. ತಪಾಸಣೆ, ಚಾಳೀಸು, ಮುರಿದರೆ ಬದಲಿ, ತಿಂಗಳ ಮೇಲಿನ ಭೇಟಿ ಎಲ್ಲ ಇದರಲ್ಲೇ. ಮುಂದಿನ ಶಿಬಿರಕ್ಕೆ ಬೇಕಿರುವುದು ₹13,500, ಜನವರಿ 31ರೊಳಗೆ."

ಮೊದಲ ಸಾಲು ಗಿಡ್ಡವಾಗಿರುವುದಕ್ಕೆ ಕಾರಣ ಇದೆ. ಇನ್‌ಸ್ಟಾಗ್ರಾಮ್‌ ಉದ್ದದ ಬರಹವನ್ನು ಮಡಚಿ ಆರಂಭದ ಸ್ವಲ್ಪವನ್ನೇ ತೋರಿಸುತ್ತದೆ. ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ನಮಸ್ಕಾರಗಳಿಂದ ಶುರು ಮಾಡಿದರೆ ಅಷ್ಟಕ್ಕೇ ಆ ಜಾಗ ಮುಗಿಯುತ್ತದೆ. ಕ್ಯಾಪ್ಷನ್ನಿನಲ್ಲಿ ಹಾಕಿದ ಲಿಂಕ್‌ ಅಲ್ಲಿ ಒತ್ತಿದರೆ ತೆರೆಯುವುದೂ ಇಲ್ಲ, ಅದನ್ನು ಪ್ರೊಫೈಲಿನಲ್ಲಿ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್‌ ಸಲೀಸಾಗಿ ತೆರೆಯುತ್ತದೆ, ಆದರೆ ಸಂದೇಶ ಗುಂಪಿಂದ ಗುಂಪಿಗೆ ತಿಂಗಳುಗಟ್ಟಲೆ ತಿರುಗುತ್ತದೆ. ಅಲ್ಲಿಗೆ ಕಳಿಸುವಾಗ ಜನವರಿ 31ರ ಜೊತೆ ವರ್ಷವನ್ನೂ ಸೇರಿಸದಿದ್ದರೆ ಶಿಬಿರ ಮುಗಿದ ಮೇಲೂ ಹಣ ಬರುತ್ತಲೇ ಇರುತ್ತದೆ.

"ಇಂಥ ಇನ್ನೊಬ್ಬರಿಗಾಗಿ" ಎಂಬ ಎರಡು ಪದ ತೆಗೆಯಬೇಡಿ. ಫೋಟೋದಲ್ಲಿರುವವರಿಗೆ ಚಾಳೀಸು ಆಗಲೇ ಸಿಕ್ಕಾಗಿದೆ. "ಇವರಿಗೆ ₹450 ಕೊಡಿ" ಎಂದು ಬರೆದರೆ ಹಣ ಅವರ ಕೈಗೇ ಹೋಗುತ್ತದೆ ಎಂದು ದಾನಿ ತಿಳಿಯುತ್ತಾರೆ. ಕೆಲವರು ನೇರವಾಗಿ ಕಾರ್ಖಾನೆಗೆ ಬಂದು "ನಾವು ಕಳಿಸಿದ್ದು ಮುಟ್ಟಿತಾ ಚಾಚಾ?" ಎಂದು ಕೇಳಿದರೂ ಆಶ್ಚರ್ಯವಿಲ್ಲ. ಬೀದರ್‌ ಅಷ್ಟು ದೊಡ್ಡ ಊರೇನಲ್ಲ.

ಊರು ಸಣ್ಣದಾದದ್ದರಿಂದಲೇ ಒಪ್ಪಿಗೆ ಪಡೆಯುವ ವಿಷಯದಲ್ಲಿ ನಿಧಾನ ಬೇಕು. ಹೆಸರು ಹಾಕಲಿಲ್ಲ, ಮುಖ ತೋರಿಸಲಿಲ್ಲ, ಕೈ ಮತ್ತು ಹೂದಾನಿ ಮಾತ್ರ ಇದೆ ಎಂದು ನಿಶ್ಚಿಂತೆ ಬೇಡ. ಈ ಕಸುಬಿನಲ್ಲಿರುವ ವ್ಯಾಪಾರಿಗಳು ಬಳ್ಳಿಯ ತಿರುವು ನೋಡಿಯೇ ಇದು ಯಾರ ಕೈಕೆಲಸ ಎಂದು ಹೇಳಬಲ್ಲರು. ಅವರಿಗೆ ಈ ಕ್ಯಾಪ್ಷನ್‌ ಹೇಳುವುದು ಒಂದೇ ಮಾತು: ಈ ಮನುಷ್ಯನ ಕಣ್ಣು ಮಂಜಾಗಿತ್ತು. ಮುಂದಿನ ಆರ್ಡರ್‌ ಬೇರೆಯವರಿಗೆ ಹೋದರೆ ಚಾಳೀಸಿನಿಂದ ಬಂದ ಲಾಭಕ್ಕಿಂತ ನಮ್ಮ ಫೋಟೋದಿಂದ ಆದ ನಷ್ಟವೇ ದೊಡ್ಡದು. ಆದ್ದರಿಂದ "ಫೋಟೋ ಹಾಕಬಹುದಾ?" ಎಂದಷ್ಟೇ ಕೇಳಿದರೆ ಅದು ಒಪ್ಪಿಗೆಯಲ್ಲ. ಬರೆದ ಕ್ಯಾಪ್ಷನ್ನನ್ನು ಅವರಾಡುವ ಭಾಷೆಯಲ್ಲಿ, ಅದು ದಖನಿಯಿರಲಿ ಕನ್ನಡವಿರಲಿ, ಪೂರ್ತಿ ಓದಿ ಹೇಳಿ, ನಿಮಗೆ ಕೆಲಸ ಕೊಡುವವರೂ ಇದನ್ನು ನೋಡಬಹುದು ಎಂದು ಬಿಡಿಸಿ ತಿಳಿಸಿ, ಮರುದಿನ ಮತ್ತೆ ಕೇಳಬೇಕು. ಹಿಂಜರಿದರೆ ಖಾಲಿ ಉಳಿ, ತಂತಿಯ ಸುರುಳಿ, ಚಸ್ಮಾ ಇಷ್ಟನ್ನೇ ಇಟ್ಟು ಫೋಟೋ ತೆಗೆಯಿರಿ, "ಈ ಕುಶಲಕರ್ಮಿ" ಬದಲು "ಶಿಬಿರಕ್ಕೆ ಬಂದ ಒಬ್ಬರು" ಎಂದು ಬರೆಯಿರಿ. ಕ್ಯಾಪ್ಷನ್ನಿನ ಬಲವೇನೂ ಕುಗ್ಗುವುದಿಲ್ಲ, ಅದು ನಿಂತಿರುವುದು ಗೀರಿನ ಮೇಲೆ ಮತ್ತು ₹450ರ ಲೆಕ್ಕದ ಮೇಲೆ.

ಶಿಬಿರ ಮುಗಿದ ಮೇಲೆ ಅದೇ ಪುಟದಲ್ಲಿ ಮತ್ತೊಂದು ಸಣ್ಣ ಬರಹ ಹಾಕಬೇಕು: ಬಂದ ಹಣ ಎಷ್ಟು, ಎಷ್ಟು ಜನರ ಕಣ್ಣು ನೋಡಿದೆವು, ಚಾಳೀಸು ಎಷ್ಟು ಕೊಟ್ಟೆವು, ತಿಂಗಳ ಮೇಲೆ ಎಷ್ಟು ಜನ ಹಾಕಿಕೊಳ್ಳುತ್ತಿದ್ದಾರೆ. ಪೊರೆ ಬಂದು ಚಾಳೀಸಿನಿಂದ ಉಪಯೋಗವಾಗದವರು ಕೆಲವರು ಸಿಕ್ಕೇ ಸಿಗುತ್ತಾರೆ. ಅವರನ್ನು ಯಾವ ಆಸ್ಪತ್ರೆಗೆ ಕಳಿಸಿದಿರಿ ಎಂಬುದನ್ನೂ ಸೇರಿಸಿ. ಮೂವತ್ತು ಎಂದುಕೊಂಡದ್ದು ಇಪ್ಪತ್ತೆರಡಕ್ಕೆ ನಿಂತಿದ್ದರೆ ಇಪ್ಪತ್ತೆರಡು ಎಂದೇ ಬರೆಯಿರಿ, ಒಟ್ಟು ಖರ್ಚನ್ನು ಆ ಸಂಖ್ಯೆಯಿಂದ ಭಾಗಿಸಿ ಮುಂದಿನ ಕ್ಯಾಪ್ಷನ್ನಿನಲ್ಲಿ ಕೇಳುವ ಮೊತ್ತವನ್ನು ಹೊಸದಾಗಿ ಕಟ್ಟಿ.